ಆಮೆ, ಕಪ್ಪೆ, ಅಜ್ಜಿ: ಮೂವರಿಗೂ ಒಂದೇ ಗಂಟಲು

ಕಳೆದ ದೀಪಾವಳಿ ರಜೆಯಲ್ಲಿ ಅಣ್ಣನ ಮಗಳು ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಅವಳು ಹಿಂದಿಯಲ್ಲಿ 'ಮೋಟು ಪತ್ಲು' ಕಾರ್ಟೂನ್ ನೋಡುತ್ತ ಕುಳಿತಿದ್ದಾಗ, ದಪ್ಪಗಿರುವ ಮೋಟುವಿಗೂ ತೆಳ್ಳಗಿರುವ ಪತ್ಲುವಿಗೂ ಮಾತು ಕೊಟ್ಟಿರುವುದು ಸೌರವ್ ಚಕ್ರವರ್ತಿ ಎಂಬ ಒಬ್ಬರೇ ಕಲಾವಿದರು, ಡಾಕ್ಟರ್ ಝಟ್ಕಾ, ಘಸೀಟಾರಾಮ್, ಇನ್‌ಸ್ಪೆಕ್ಟರ್ ಚಿಂಗಮ್ ಕೂಡ ಅವರದೇ ಧ್ವನಿ ಎಂದು ಹೇಳಿದೆ. ಅವಳು ಟಿವಿಯ ಸದ್ದು ಕಡಿಮೆ ಮಾಡಿ ನನ್ನತ್ತ ತಿರುಗಿದಳು.

"ಸುಳ್ಳ ಹೇಳಬ್ಯಾಡ್ರಿ ಕಾಕಾ. ಇಂವ ಮಾತಾಡೂವಾಗ ಅಂವ ನಗಾಕತ್ತಿರತಾನಲ್ಲ, ಅದು ಹೆಂಗ ಆಗತೈತಿ?"

ಒಂಬತ್ತು ವರ್ಷದ ಹುಡುಗಿ ಕೇಳಿದ ಈ ಪ್ರಶ್ನೆ ಬಹಳ ಸರಿಯಾದದ್ದು. ಕಾರ್ಟೂನ್ ಕಲಾವಿದರ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಜನ "ಎಷ್ಟು ಧ್ವನಿ ತೆಗೀತಾರ್ರೀ ಅವರು" ಎಂದು ಲೆಕ್ಕ ಹಾಕುತ್ತಾರೆ. ಹತ್ತು ಧ್ವನಿ ತೆಗೆಯುವುದು ಮಿಮಿಕ್ರಿಯವರಿಗೂ ಬರುತ್ತದೆ. ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಜಗಳವಾಡಿದರೂ ಅವು ಇಬ್ಬರವೇ ಎಂದು ಕೇಳುವವರು ನಂಬುವಂತೆ ಮಾಡುವುದು ಬೇರೆಯೇ ಕೆಲಸ, ಮತ್ತು ನಾನು ಇಲ್ಲಿ ಬರೆಯಬೇಕೆಂದಿರುವುದು ಆ ಕೆಲಸದ ಬಗ್ಗೆ. ರೇಡಿಯೊ ನಾಟಕಗಳಲ್ಲಿ ಮಾತನಾಡಿ ಪಳಗಿದ ಬಾಯಿ ನನ್ನದು. ಆದರೂ ಈ ವ್ಯತ್ಯಾಸ ನನಗೆ ನಿಜವಾಗಿ ತಿಳಿದದ್ದು ನಾಲ್ಕು ವರ್ಷಗಳ ಹಿಂದೆ, ಹುಬ್ಬಳ್ಳಿಯ ಒಂದು ಚಿಕ್ಕ ಸ್ಟುಡಿಯೊದಲ್ಲಿ ಏಳು ನಿಮಿಷದ ಮಕ್ಕಳ ಅನಿಮೇಷನ್ ಚಿತ್ರವೊಂದಕ್ಕೆ ಮೂರು ಪಾತ್ರಗಳ ಮಾತು ಆಡಿದಾಗ. ಹಾಳುಬಾವಿಯಲ್ಲಿರುವ ಒಂದು ಮುದಿ ಆಮೆ, ಸುಮ್ಮನಿರಲಾರದ ಒಂದು ಕಪ್ಪೆ, ನೀರಿಗೆ ಬರುವ ಒಬ್ಬ ಅಜ್ಜಿ. ಆಮೆಗೆ ಮೂವತ್ತೊಂದು ಮಾತು, ಕಪ್ಪೆಗೆ ನಲವತ್ತನಾಲ್ಕು, ಅಜ್ಜಿಗೆ ಹನ್ನೆರಡು.

ಚಿಕ್ಕವನಿದ್ದಾಗ ಹಾವೇರಿ ಕಡೆಯ ನಮ್ಮೂರಿನಲ್ಲಿ ತೊಗಲುಗೊಂಬೆಯಾಟ ನೋಡಿದ್ದೆ. ಪರದೆಯ ಹಿಂದೆ ಕುಳಿತ ಒಬ್ಬನೇ ಮನುಷ್ಯ ರಾವಣನಾಗಿ ಗುಡುಗಿ, ಮರುಕ್ಷಣವೇ ಕಿಳ್ಳೇಕ್ಯಾತನಾಗಿ ಹಲುಬುತ್ತಿದ್ದ. ಆದರೆ ಅಲ್ಲಿ ಒಂದು ಗೊಂಬೆಯ ಮಾತು ಮುಗಿಯುವವರೆಗೆ ಇನ್ನೊಂದು ಕಾಯಲೇಬೇಕು, ಏಕೆಂದರೆ ಗಂಟಲು ಒಂದೇ. ಕಾರ್ಟೂನಿನಲ್ಲಿ ಆ ಕಟ್ಟುಪಾಡು ಇಲ್ಲ. ಧ್ವನಿಮುದ್ರಣದಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ಪ್ರತ್ಯೇಕ ಟ್ರ್ಯಾಕ್ ಇರುತ್ತದೆ. ನಾನು ಮೊದಲು ಆಮೆಯ ಎಲ್ಲ ಮಾತುಗಳನ್ನೂ ಆಡಿ ಮುಗಿಸಿ, ಆಮೇಲೆ ಹೆಡ್‌ಫೋನಿನಲ್ಲಿ ನನ್ನದೇ ಆಮೆಯನ್ನು ಕೇಳಿಸಿಕೊಳ್ಳುತ್ತ ಕಪ್ಪೆಯಾಗಿ ಉತ್ತರ ಕೊಟ್ಟೆ. ಆಮೆ ಮಾತನಾಡುತ್ತಿರುವಾಗಲೇ ಕಪ್ಪೆ ನಗಬೇಕಾದ ಕಡೆ ನಗುವನ್ನು ಕಪ್ಪೆಯ ಟ್ರ್ಯಾಕಿನಲ್ಲಿ ಮುದ್ರಿಸಿದೆವು, ಎರಡನ್ನೂ ಕೂಡಿಸಿದಾಗ ಒಂದರ ಮೇಲೊಂದು ಬಂತು. ಅಣ್ಣನ ಮಗಳ ಪ್ರಶ್ನೆಗೆ ಉತ್ತರ ಇಷ್ಟೇ. 'ದಿ ಸಿಂಪ್ಸನ್ಸ್' ಎಂಬ ಅಮೆರಿಕದ ಸರಣಿಯಲ್ಲಿ ಮಿಸ್ಟರ್ ಬರ್ನ್ಸ್ ಎಂಬ ಧಣಿಗೂ ಅವನ ನಂಬಿಕೆಯ ಸಹಾಯಕ ಸ್ಮಿದರ್ಸ್‌ಗೂ ಹ್ಯಾರಿ ಶೀರರ್ ಎಂಬ ಒಬ್ಬರೇ ದಶಕಗಳಿಂದ ಮಾತು ಕೊಡುತ್ತ ಬಂದಿದ್ದಾರೆ, ಆ ಇಬ್ಬರೂ ಸದಾ ಪರಸ್ಪರ ಮಾತನಾಡುತ್ತಲೇ ಇರುವವರು.

ಟ್ರ್ಯಾಕ್ ಬೇರೆ ಮಾಡಿದ ಮಾತ್ರಕ್ಕೆ ಮನುಷ್ಯರು ಬೇರೆಯಾಗುವುದಿಲ್ಲ. ಮೊದಲ ದಿನ ನಾನು ಮಾಡಿದ ತಪ್ಪನ್ನೇ ಹೊಸಬರೆಲ್ಲ ಮಾಡುತ್ತಾರೆ ಎಂದು ಈಗ ಗೊತ್ತಾಗಿದೆ. ಆಮೆಗೆ ಸ್ವರ ಇಳಿಸಿದೆ, ಕಪ್ಪೆಗೆ ಸ್ವರ ಏರಿಸಿದೆ, ಆಯಿತು ಎಂದುಕೊಂಡೆ. ಕೂಡಿಸಿ ಕೇಳಿದರೆ ಒಬ್ಬನೇ ಮನುಷ್ಯ ಒಮ್ಮೆ ಮೆಲ್ಲಗೆ, ಒಮ್ಮೆ ಕೀಚಲಾಗಿ ಮಾತನಾಡಿದ ಹಾಗಿತ್ತು. ಇದಕ್ಕೆ ಕಾರಣವಿದೆ. ಸ್ವರದ ಏರಿಳಿತವನ್ನು ತೀರ್ಮಾನಿಸುವುದು ಗಂಟಲಿನಲ್ಲಿರುವ ಧ್ವನಿತಂತುಗಳು. ಆದರೆ ಆ ಸ್ವರ ಹೊರಬರುವ ದಾರಿ, ಅಂದರೆ ಧ್ವನಿತಂತುಗಳಿಂದ ತುಟಿಯವರೆಗಿನ ಕೊಳವೆ, ಅದರ ಉದ್ದ ಮತ್ತು ಆಕಾರ, ಧ್ವನಿಗೆ ಅದರ ಬಣ್ಣ ಕೊಡುತ್ತದೆ. ಇದು ಇಂಥವರದೇ ಧ್ವನಿ ಎಂದು ನಾವು ಗುರುತು ಹಿಡಿಯುವುದು ಬಹುಮಟ್ಟಿಗೆ ಆ ಬಣ್ಣದಿಂದ. ಮಗುವಿನ ಕೊಳವೆ ಗಿಡ್ಡ, ದೊಡ್ಡವರದು ಉದ್ದ. ಉದ್ದ ಕೊಳವೆಯನ್ನು ಇದ್ದಂತೆಯೇ ಬಿಟ್ಟು ಸ್ವರವನ್ನಷ್ಟೇ ಏರಿಸಿದರೆ ಕೇಳುವುದು ಮಗುವಿನ ಧ್ವನಿಯಲ್ಲ, ಮಗುವಿನಂತೆ ನಟಿಸುವ ದೊಡ್ಡವನ ಧ್ವನಿ.

ಹಿಂದಿನವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಅಮೆರಿಕದ ಹಳೆಯ ಕಾರ್ಟೂನುಗಳಲ್ಲಿ ಡಾಫಿ ಎಂಬ ಬಾತುಕೋಳಿಗೂ ಸಿಲ್ವೆಸ್ಟರ್ ಎಂಬ ಬೆಕ್ಕಿಗೂ ಮಾತು ಕೊಟ್ಟ ಮೆಲ್ ಬ್ಲ್ಯಾಂಕ್ ಎರಡಕ್ಕೂ ಬಳಸಿದ್ದು ಹೆಚ್ಚುಕಡಿಮೆ ಒಂದೇ ಉಗುಳು ಹಾರುವ ಧ್ವನಿಯನ್ನು, ಬಾತುಕೋಳಿಯದನ್ನು ಮಾತ್ರ ಮುದ್ರಣದ ನಂತರ ವೇಗ ಹೆಚ್ಚಿಸಿ ಕೇಳಿಸಲಾಗುತ್ತಿತ್ತು. ವೇಗ ಹೆಚ್ಚಿಸಿದಾಗ ಸ್ವರದ ಜೊತೆಗೆ ಧ್ವನಿಯ ಬಣ್ಣವೂ ಮೇಲೇರುತ್ತದೆ, ಹೀಗಾಗಿ ಕಿವಿಗೆ ನಿಜವಾಗಿಯೂ ಚಿಕ್ಕ ದೇಹದಿಂದ ಬಂದಂತೆ ಕೇಳುತ್ತದೆ. ನಮ್ಮ ಸ್ಟುಡಿಯೊದ ಇಂಜಿನಿಯರ್ ಯಂತ್ರದ ಸಹಾಯ ಬೇಡ ಎಂದರು, ಅವರ ಮಾತು ನನಗೂ ಒಪ್ಪಿಗೆಯಾಯಿತು. ಹಾಗಾದರೆ ಕೊಳವೆಯ ಆಕಾರವನ್ನು ಬಾಯಿಯೇ ಬದಲಿಸಬೇಕು.

ಕಪ್ಪೆಗಾಗಿ ತುಟಿಗಳನ್ನು ನಗುವಾಗಿನಂತೆ ಅಗಲಿಸಿ, ಗಂಟಲಿನ ಗಂಟನ್ನು ನುಂಗುವಾಗ ಏರುವಷ್ಟು ಮೇಲಕ್ಕೆ ಹಿಡಿದೆ. ಇದರಿಂದ ದಾರಿ ಎರಡೂ ತುದಿಯಲ್ಲಿ ಗಿಡ್ಡವಾಗುತ್ತದೆ. ಆಮೆಗೆ ಇದರ ತಿರುವುಮುರುವು: ತುಟಿ ಮುಂದಕ್ಕೆ, ಗಂಟಲಿನ ಗಂಟು ಆಕಳಿಸುವಾಗಿನಂತೆ ಕೆಳಕ್ಕೆ, ದವಡೆ ಹೆಚ್ಚು ತೆರೆಯದೆ. ಜೊತೆಗೆ ಆಮೆಗೆ ಮೂಗು ಕಟ್ಟಿಸಿದೆ. ನೆಗಡಿಯಾದವರು "ಅಮ್ಮ" ಎಂದರೆ "ಅಬ್ಬ" ಎಂದು ಕೇಳುತ್ತದಲ್ಲ, ಅಷ್ಟಲ್ಲದಿದ್ದರೂ ಅದರತ್ತ ಅರ್ಧ ದಾರಿ. ಅಜ್ಜಿಯ ವಿಷಯದಲ್ಲಿ ಧ್ವನಿ ನಡುಗಿಸುವ ಚಾಳಿಯನ್ನು ಬಿಡಲು ಬಹಳ ಕಷ್ಟಪಟ್ಟೆ. ನಮ್ಮ ಓಣಿಯ ಮುದುಕಿಯರ ಮಾತನ್ನು ಗಮನಿಸಿ ನೋಡಿ, ಎಲ್ಲರ ಧ್ವನಿಯೂ ನಡುಗುವುದಿಲ್ಲ. ಉಸಿರು ಸಾಲದೆ ವಾಕ್ಯ ನಡುವೆಯೇ ತುಂಡಾಗುತ್ತದೆ, ಹಲ್ಲಿಲ್ಲದ ಬಾಯಲ್ಲಿ ಸಕಾರ ಮೆತ್ತಗಾಗುತ್ತದೆ. ಆ ಎರಡನ್ನಷ್ಟೇ ಹಿಡಿದೆ.

ಉಸಿರಿನ ಮಾತನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಪಾತ್ರಗಳು ಬೇರೆಯಾಗುವುದು ಅಲ್ಲಿಯೇ. ಆಮೆ ಮಾತು ಆರಂಭಿಸುವ ಮೊದಲು ಉಸಿರು ತೆಗೆದುಕೊಂಡು, ಒಂದು ಕ್ಷಣ ತಡೆದು, ಆಮೇಲೆ ಮಾತನಾಡುತ್ತಿತ್ತು. ಕಪ್ಪೆಗೆ ಆ ತಾಳ್ಮೆಯಿಲ್ಲ, ಅದು ಇದ್ದಷ್ಟೇ ಉಸಿರಿನಲ್ಲಿ ಮಾತು ಶುರು ಮಾಡಿ ಕ್ರಿಯಾಪದಕ್ಕೆ ಮೊದಲು ಗಬಕ್ಕನೆ ಉಸಿರೆಳೆಯುತ್ತಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಗಬಕ್ಕು ಕೇಳುವವನನ್ನು ಕಾಯಿಸುತ್ತದೆ: "ನಾನು ಬಾವಿಯಿಂದ ಹೊರಗೆ... ಹೋಗ್ತೀನಿ!" ಪ್ರತಿ ಮಾತಿಗೂ ಎಲ್ಲಿ ಉಸಿರು ಎಂದು ಬರಹದ ಪ್ರತಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡ ಮೇಲೆ, ಸ್ವರವನ್ನು ಅತಿಯಾಗಿ ಏರಿಸುವ ಅಗತ್ಯವೇ ಬೀಳಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಎಂಟಕ್ಕೇ ಕುಳಿತೆವು, ಅದೇ ದೊಡ್ಡ ತಪ್ಪಾಯಿತು. ಹಿಂದಿನ ದಿನದ ಮುದ್ರಣ ಸಂಜೆಯದು. ನಿದ್ದೆಯಿಂದ ಎದ್ದ ಹೊತ್ತಿನಲ್ಲಿ ಧ್ವನಿತಂತುಗಳು ಸ್ವಲ್ಪ ಊದಿಕೊಂಡು ದಪ್ಪಗಿರುವುದರಿಂದ ಯಾರ ಧ್ವನಿಯಾದರೂ ತಗ್ಗಿನಲ್ಲಿರುತ್ತದೆ. ಮಾತನಾಡುವಾಗ ನನಗೆ ಏನೂ ಗೊತ್ತಾಗಲಿಲ್ಲ, ಒಳ್ಳೆಯ ಗಡಸು ಆಮೆ ಎಂದು ಖುಷಿಯೇ ಆಗಿತ್ತು. ಮಧ್ಯಾಹ್ನ ಇಂಜಿನಿಯರ್ ಹತ್ತನೆಯ ಮಾತಿನ ಬೆನ್ನಿಗೇ ಇಪ್ಪತ್ತೆರಡನೆಯ ಮಾತನ್ನು ಹಚ್ಚಿ ಕೇಳಿಸಿದರು. "ಸರ್, ಇದು ಅದರ ಅಣ್ಣ ಆಗೇತ್ರಿ" ಎಂದರು. ನಿಜವಾಗಿಯೂ ಬೇರೆ ಆಮೆ. ಬೆಳಗಿನ ಹದಿನಾಲ್ಕು ಮಾತುಗಳನ್ನು ಸಂಜೆ ಮತ್ತೆ ಆಡಿದೆ. ಅಂದಿನಿಂದ ಪ್ರತಿ ಪಾತ್ರದ್ದೂ ಹತ್ತು ಸೆಕೆಂಡಿನ ಒಂದು ಮಾದರಿ ತುಣುಕನ್ನು ಬೇರೆ ಇಟ್ಟುಕೊಂಡು, ಮುದ್ರಣಕ್ಕೆ ಕೂಡುವ ಮೊದಲು ಅದನ್ನು ಕೇಳಿ, ಅದೇ ಮಾತನ್ನು ಆಡಿ ನೋಡಿ, ಎರಡೂ ಕೂಡಿದ ಮೇಲಷ್ಟೇ ಮುಂದುವರಿಯುತ್ತೇನೆ. ಕಿರುಚಾಟವಿದ್ದರೆ ದಿನದ ಕೊನೆಗೆ ಇಡಬೇಕು ಎಂಬುದನ್ನೂ ಆಗಲೇ ಕಲಿತೆ. ಕಪ್ಪೆ ಹಾವನ್ನು ಕಂಡು ಚೀರುವ ಮೂರು ಮಾತುಗಳನ್ನು ಮೊದಲೇ ಆಡಿದ್ದರೆ ಆಮೆಯ ಗಂಟಲು ಒಡೆದುಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಕಳ್ಳ ಸಿಕ್ಕಿಬೀಳುವ ಒಂದು ಜಾಗವಿದೆ, ಅದು ನಗು. ಮಾತಿನಲ್ಲಿ ಬಾಯಿ ನಮ್ಮ ಹಿಡಿತದಲ್ಲಿರುತ್ತದೆ, ನಗುವಾಗ ಹಿಡಿತ ಸಡಿಲಿ ಸ್ವಂತ ಧ್ವನಿ ಇಣುಕುತ್ತದೆ. ಅಜ್ಜಿಯ ನಗುವೂ ಕಪ್ಪೆಯ ನಗುವೂ ನನ್ನದೇ ನಗುವಾಗಿ ಕೇಳುತ್ತಿದ್ದವು. ಕೊನೆಗೆ ಅಜ್ಜಿಗೆ ಸದ್ದಿಲ್ಲದ, ಬರೀ ಮೂಗಿನ ಉಸಿರಿನ ನಗು ಕೊಟ್ಟೆವು. ಕಪ್ಪೆ ಮಾತ್ರ ಉಸಿರು ಒಳಗೆ ಎಳೆದುಕೊಳ್ಳುತ್ತ ನಗುವಂತೆ ಮಾಡಿದೆ.

ಇನ್ನು ನನಗೆ ನೋವಾಗುವ ಒಂದು ಸಂಗತಿಯನ್ನು ಬಿಡದೆ ಹೇಳುತ್ತೇನೆ. ಎರಡನೆಯ ಪಾತ್ರವನ್ನು ಬೇರೆ ಮಾಡಲು ಇಷ್ಟೆಲ್ಲ ದಾರಿಗಳಿರುವಾಗ, ನಾನು ಕೇಳಿದ ಎಷ್ಟೋ ಕನ್ನಡ ಡಬ್ಬಿಂಗ್‌ಗಳಲ್ಲಿ ಹಿಡಿಯುವ ಸುಲಭದ ದಾರಿ ನಮ್ಮ ಕಡೆಯ ಭಾಷೆ. ನಾಯಕ ಪುಸ್ತಕದ ಕನ್ನಡ ಮಾತನಾಡುತ್ತಾನೆ. ಅದೇ ಕಲಾವಿದನ ಎರಡನೆಯ ಪಾತ್ರ, ಪೆದ್ದ ಕಳ್ಳನೋ ಹೊಟ್ಟೆಬಾಕನೋ ಆಗಿದ್ದರೆ, "ಏನ್ಲೇ, ಯಾಕಲೇ" ಎನ್ನುತ್ತಾನೆ. ಧ್ವನಿ ಒಂದೇ, ಉಸಿರು ಒಂದೇ, ಭಾಷೆಯನ್ನು ಮಾತ್ರ ಮುಖವಾಡದಂತೆ ತೊಡಿಸಲಾಗಿದೆ. ಅದೂ ಧಾರವಾಡದ ಮಾತಲ್ಲ, ಎರಡು ಬೈಗುಳ ಮತ್ತು ಒಂದು "ಲೇ" ಅಷ್ಟೇ. ನಮ್ಮ ಮನೆಯ ಹುಡುಗಿ ಅದನ್ನು ಕೇಳಿ ತನ್ನ ಅಜ್ಜಿಯ ಮಾತು ಪೆದ್ದರ ಮಾತು ಎಂದು ತಿಳಿದರೆ ಯಾರನ್ನು ಕೇಳಬೇಕು? 'ಸಿಂಪ್ಸನ್ಸ್'ನಲ್ಲಿಯೂ ಅಪು ಎಂಬ ಭಾರತೀಯ ಅಂಗಡಿಕಾರನಿಗೆ ಹಲವು ಪಾತ್ರಗಳ ಕಲಾವಿದ ಹ್ಯಾಂಕ್ ಅಜೇರಿಯಾ ವರ್ಷಗಟ್ಟಲೆ ಮಾತು ಕೊಟ್ಟಿದ್ದರು. ಆ ಉಚ್ಚಾರವೇ ನಗೆಗೀಡಾಗುತ್ತಿದೆ ಎಂಬ ಆಕ್ಷೇಪ ಬಲವಾದ ಮೇಲೆ, 2020ರಲ್ಲಿ ತಾವು ಆ ಪಾತ್ರಕ್ಕೆ ಇನ್ನು ಮಾತು ಕೊಡುವುದಿಲ್ಲ ಎಂದರು. ನಮ್ಮ ಬಾವಿಯ ಚಿತ್ರದಲ್ಲಿ ಮೂವರೂ ಧಾರವಾಡದ ಕನ್ನಡವನ್ನೇ ಆಡಲಿ ಎಂದು ನಾನು ಹಟ ಹಿಡಿದೆ. ಮೂವರ ಭಾಷೆಯೂ ಒಂದೇ ಆದಾಗ ಬೇರೆ ಮಾಡುವ ಹೊಣೆಯೆಲ್ಲ ಬಾಯಿ ಮತ್ತು ಉಸಿರಿನ ಮೇಲೆ ಬಿತ್ತು. ಕೆಲಸ ಹೆಚ್ಚಾಯಿತು, ಚಿತ್ರ ಚೆನ್ನಾಯಿತು.

ಅಣ್ಣನ ಮಗಳಿಗೆ ಇದರಲ್ಲಿ ಅರ್ಧದಷ್ಟನ್ನು ಹೇಳಿ, ಆ ಚಿತ್ರವನ್ನು ಮೊಬೈಲಿನಲ್ಲಿ ಹಚ್ಚಿ, ಕಣ್ಣು ಮುಚ್ಚಿಕೊಂಡು ಕೇಳು ಎಂದೆ. ಆಮೆ, ಕಪ್ಪೆ ಇಬ್ಬರೂ ಒಟ್ಟಿಗೆ ಮಾತನಾಡುವ ಕಡೆ ಅವಳು ಸುಮ್ಮನಿದ್ದಳು. ಹಾವು ಹೋದ ಮೇಲೆ ಆಮೆ ಒಂದೇ ಒಂದು ಸಲ ಕೆಮ್ಮುತ್ತದೆ. ಅಲ್ಲಿ ಕಣ್ಣು ತೆರೆದು, "ಇದು ನೀವರೀ ಕಾಕಾ" ಎಂದಳು. ಕೆಮ್ಮಿಗೆ ಗೆರೆ ಹಾಕಿಕೊಳ್ಳುವುದನ್ನು ನಾನು ಮರೆತಿದ್ದೆ.