ಶೇಕಡಾ ಎಂಟು ಎಂಬ ಮುದ್ದಾದ ಸುಳ್ಳು

ನಿನ್ನೆ ಒಬ್ಬ ಉದ್ಯಮಿಯ ಲೆಕ್ಕದ ಹಾಳೆ ನೋಡಿದಾಗಿನಿಂದ ತಲೆ ಕೆಟ್ಟಿದೆ. ಉದ್ಯಮಿಗಳ ಲೆಕ್ಕ ನೋಡುವುದೇ ನನ್ನ ಹೊಟ್ಟೆಪಾಡು. ಇಂತಹ ಹಾಳೆಗಳನ್ನು ನೋಡಿ ನೋಡಿಯೇ ಕನ್ನಡಕದ ನಂಬರು ಏರಿದ್ದು. ಇವರದು ತಿಂಗಳಿಗೊಮ್ಮೆ ಕಾಫಿಪುಡಿಯ ಪೆಟ್ಟಿಗೆ ಮನೆಗೆ ಕಳಿಸುವ ವ್ಯವಹಾರ. ಪೆಟ್ಟಿಗೆಗೆ 600 ರೂಪಾಯಿ. ‘ತಿಂಗಳಿಗೆ ಶೇಕಡಾ 8ರಷ್ಟು ಗ್ರಾಹಕರು ಮಾತ್ರ ಬಿಟ್ಟುಹೋಗುತ್ತಾರೆ, ಅಂದರೆ ಒಬ್ಬ ಗ್ರಾಹಕ ಸರಾಸರಿ ಹನ್ನೆರಡೂವರೆ ತಿಂಗಳು ಇರುತ್ತಾನೆ, ಬಿಟ್ಟುಹೋಗುವವರೆಗೆ ಅವನಿಂದ ಬರುವ ಒಟ್ಟು ಹಣ, ಅಂದರೆ ಅವನ ಜೀವಿತಾವಧಿ ಮೌಲ್ಯ, 7,500 ರೂಪಾಯಿ, ಅದರ ಮೂರನೇ ಒಂದು ಭಾಗವಾದ 2,500 ರೂಪಾಯಿಯನ್ನು ಅವನನ್ನು ಕರೆತರಲು ಖರ್ಚು ಮಾಡಬಹುದು’ ಎಂದು ಹಾಳೆ ಹೇಳುತ್ತದೆ. ಭಾಗಾಕಾರದಲ್ಲಿ ತಪ್ಪಿಲ್ಲ. ಉಳಿದದ್ದೆಲ್ಲ ತಪ್ಪು.

ಮೊದಲನೆಯದು, 600 ರೂಪಾಯಿ ಅವರ ಜೇಬಿಗೆ ಬರುವ ಹಣವೇ ಅಲ್ಲ. ಬೀಜ, ಹುರಿತ, ಪೊಟ್ಟಣ, ಕೊರಿಯರ್, ತೆರಿಗೆ, ಹಣ ಪಾವತಿಯ ಶುಲ್ಕ ಎಲ್ಲ ಕಳೆದರೆ ಉಳಿಯುವುದು 200. ಗ್ರಾಹಕನನ್ನು ಗೆಲ್ಲಲು ಖರ್ಚು ಮಾಡಬೇಕಾದದ್ದು ಈ 200ರಿಂದ. ಕೊರಿಯರ್‌ನವನಿಗೆ ಕೊಡಬೇಕಾದ ದುಡ್ಡನ್ನೂ ಜಾಹೀರಾತಿಗೆ ಸುರಿಯುತ್ತೇನೆ ಎನ್ನುವವರಿಗೆ ಏನು ಹೇಳಲಿ?

ಆದರೆ ನನ್ನ ನಿಜವಾದ ಸಿಟ್ಟು ಆ ಶೇಕಡಾ 8ರ ಮೇಲೆ. ಅದು ಒಟ್ಟು ಗ್ರಾಹಕರ ಸರಾಸರಿ. ಆ ಒಟ್ಟಿನಲ್ಲಿ ಎರಡು ವರ್ಷದಿಂದ ಕದಲದೆ ಕುಳಿತ ನಿಷ್ಠಾವಂತರು ತುಂಬಿದ್ದಾರೆ; ಹೊಸಬರ ಪಲಾಯನವನ್ನು ಅವರು ಮುಚ್ಚಿಬಿಡುತ್ತಾರೆ. ಜಾಹೀರಾತು ಕರೆತರುವುದು ಹೊಸಬರನ್ನು. ಹಾಗಾಗಿ ಒಂದೇ ತಿಂಗಳಲ್ಲಿ ಸೇರಿದವರನ್ನು ಒಂದು ಗುಂಪು ಮಾಡಿ, ಅವರ ಬೆನ್ನು ಹಿಡಿದು ಹೋಗಬೇಕು. ಇವರ ಗುಂಪುಗಳನ್ನು ಹಾಗೆ ಬಿಡಿಸಿದೆ. ಮೊದಲ ತಿಂಗಳು 100 ಜನ ಇದ್ದರೆ ನಂತರದ ತಿಂಗಳುಗಳಲ್ಲಿ 65, 50, 42, 37, ಆರನೆಯ ತಿಂಗಳಿಗೆ 34. ಆರು ತಿಂಗಳಲ್ಲಿ ನೂರು ಜನರಿಗೆ ಹೋದದ್ದು 328 ಪೆಟ್ಟಿಗೆ. ತಲಾ 656 ರೂಪಾಯಿ ಉಳಿತಾಯ. ಮೊದಲ ಪೆಟ್ಟಿಗೆ ಅರ್ಧ ಬೆಲೆಗೆ ಕೊಟ್ಟದ್ದರಿಂದ ಅದರಲ್ಲಿ 300 ಕಳೆಯಿರಿ. ಉಳಿದದ್ದು 356.

(ಅರ್ಧ ಬೆಲೆ ಎಂದಾಗ ನೆನಪಾಯಿತು. ಇಂತಹ ಪೆಟ್ಟಿಗೆಗಳನ್ನು ತರಿಸಿ ಎರಡನೆಯ ತಿಂಗಳಿಗೇ ನಿಲ್ಲಿಸುವ ಜಾತಿ ನನ್ನದು. ಕಾಫಿ ಚೆನ್ನಾಗಿಯೇ ಇತ್ತು. ನನಗೆ ಬೇಕಿದ್ದದ್ದು ರಿಯಾಯಿತಿ.)

ಆರು ತಿಂಗಳು ದಾಟಿದ 34 ಜನ ಆಮೇಲೆ ನಿಜಕ್ಕೂ ಶೇಕಡಾ 8ರ ದರದಲ್ಲೇ ಕರಗುತ್ತಾರೆ ಎಂದು ಉದಾರವಾಗಿ ಒಪ್ಪಿಕೊಳ್ಳೋಣ. ಆಗ ಇನ್ನೂ ಸುಮಾರು 391 ಪೆಟ್ಟಿಗೆ ಹೋಗುತ್ತವೆ, ತಲಾ 782 ರೂಪಾಯಿ. ಎಲ್ಲ ಕೂಡಿದರೂ 1,138. ಹಾಳೆಯಲ್ಲಿದ್ದ 7,500 ಎಲ್ಲಿ ಹೋಯಿತು? ಅದೇ ಮೂರನೇ ಒಂದು ಭಾಗದ ಸೂತ್ರ ಹಿಡಿದರೆ ಖರ್ಚು ಮಾಡಬಹುದಾದದ್ದು ಸುಮಾರು 380. ಆರು ತಿಂಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಮರಳಿ ಬರುತ್ತದೆ ಎಂಬುದೊಂದೇ ಸಮಾಧಾನ.

‘ಬೆಳೆಯುವ ಕಾಲದಲ್ಲಿ ನಷ್ಟ ಸಹಜ, ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂದು ಯಾರೋ ಬರೆಯುತ್ತಾರೆ, ಗೊತ್ತು. ಹೆಚ್ಚು ಪೆಟ್ಟಿಗೆ ಹೋದರೆ ಕೊರಿಯರ್ ದರ ಸ್ವಲ್ಪ ಇಳಿಯುತ್ತದೆ, ಒಪ್ಪಿದೆ. ಆದರೆ ಜಾಹೀರಾತಿನ ದರ ಏರುತ್ತದೆ. ಇವರ ಮೊದಲ ಒಂದು ಲಕ್ಷ ರೂಪಾಯಿ 200 ಗ್ರಾಹಕರನ್ನು ತಂದಿತು, ಅಂದರೆ ತಲಾ 500. ಎರಡನೆಯ ಲಕ್ಷ ತಂದದ್ದು 80 ಜನರನ್ನು, ತಲಾ 1,250. ಹಾಳೆಯಲ್ಲಿ ಮಾತ್ರ ‘ಸರಾಸರಿ 714’ ಎಂದು ಸೌಮ್ಯವಾಗಿ ಕುಳಿತಿದೆ. ಕಾಫಿಯ ಹುಚ್ಚಿದ್ದವರು ಮೊದಲೇ ಬಂದರು. ಆಮೇಲೆ ಎಳೆದು ತಂದವರು ದುಬಾರಿ, ಬೇಗ ಬಿಟ್ಟುಹೋಗುವವರೂ ಅವರೇ. ಮೂರನೆಯ ಲಕ್ಷ ಸುರಿಯಬೇಕೇ ಎಂಬ ಪ್ರಶ್ನೆಗೆ 714 ಉತ್ತರವೇ ಅಲ್ಲ. ಮತ್ತೆ ಅದೇ ಸರಾಸರಿಯ ರೋಗ!

ಅಮೆರಿಕದ ಬ್ಲೂ ಏಪ್ರನ್ ನೆನಪಿದೆಯೇ? ಅಡುಗೆಯ ಸಾಮಾನುಗಳನ್ನು ಅಳೆದು ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದ ಕಂಪನಿ. 2017ರ ಜೂನ್‌ನಲ್ಲಿ ಷೇರುಪೇಟೆಗೆ ಬಂದಾಗ, ಒಬ್ಬ ಗ್ರಾಹಕನನ್ನು ಪಡೆಯಲು ತನಗೆ ತಗಲುವುದು 94 ಡಾಲರ್ ಎಂದು ಹೇಳಿಕೊಂಡಿತು. ಹಲವು ವರ್ಷಗಳ ಸರಾಸರಿ ಅದು. ಗ್ರಾಹಕ ಮೌಲ್ಯದ ಲೆಕ್ಕವನ್ನೇ ಅಧ್ಯಯನ ಮಾಡುವ ಪ್ರಾಧ್ಯಾಪಕ ಡೇನಿಯಲ್ ಮೆಕಾರ್ಥಿ ಕಂಪನಿ ಪ್ರಕಟಿಸಿದ ಅಂಕಿಅಂಶಗಳನ್ನೇ ಬಿಡಿಸಿ, ಹೊಸ ಗ್ರಾಹಕರು ಅದಕ್ಕಿಂತ ಬಹಳ ದುಬಾರಿಯಾಗಿದ್ದಾರೆ, ಶೇಕಡಾ 70ಕ್ಕೂ ಹೆಚ್ಚು ಮಂದಿ ಆರು ತಿಂಗಳೊಳಗೆ ಬಿಡುತ್ತಾರೆ ಎಂದು ಅಂದಾಜು ಮಾಡಿದರು. 2023ರಲ್ಲಿ ಆ ಕಂಪನಿ ಸುಮಾರು 10 ಕೋಟಿ ಡಾಲರಿಗೆ ಮಾರಾಟವಾಯಿತು. ಷೇರುಪೇಟೆಯಿಂದ ಎತ್ತಿದ್ದೇ 30 ಕೋಟಿ.

ನನಗೆ ಹಾಳೆ ಕಳಿಸಿದ ಮಹಾಶಯರು ಇದನ್ನು ಓದುತ್ತಿರಬಹುದು. ಮುಂದಿನ ಸಲ ಸರಾಸರಿ ಬೇಡ ಸ್ವಾಮಿ. ಜನವರಿಯಲ್ಲಿ ಜಾಹೀರಾತು ನೋಡಿ ಸೇರಿದವರಲ್ಲಿ ಜುಲೈ ಪೆಟ್ಟಿಗೆಗೆ ಪೂರ್ತಿ ಬೆಲೆ ಕೊಟ್ಟವರು ಎಷ್ಟು ಜನ, ಕೊನೆಯ ಲಕ್ಷಕ್ಕೆ ಬಂದವರು ಎಷ್ಟು ಜನ, ಈ ಎರಡು ಕಳಿಸಿ. ಅಲ್ಲಿಯವರೆಗೆ ಮೂರನೆಯ ಲಕ್ಷ ಬ್ಯಾಂಕಿನಲ್ಲೇ ಇರಲಿ.