"ನಿಮ್ಮಿಷ್ಟ ರೀ" ಅನ್ನೋ ಮಾತು ಹೊರನಾಡಲ್ಲಿ ಯಾಕೆ ಭಾರ ಆಗುತ್ತೆ

ನಾವಿರೋದು ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ. ಇಲ್ಲಿ ಮನೆ ಕೊಳ್ಳೋರಿಗೆ ಕರಾರು ಆದ್ಮೇಲೂ ಯೋಚನೆ ಮಾಡಕ್ಕೆ ಕಾನೂನೇ 3 ದಿನ ಕೊಡುತ್ತೆ, ಕಾರಣ ಹೇಳ್ದೆ ಬೇಡ ಅನ್ಬೋದು. ಆ ಮೂರೂ ದಿನ ನನ್ನ ಹೆಂಡತಿ "ಚೆನ್ನಾಗಿದೆ, ನಿಮ್ಮಿಷ್ಟ ರೀ" ಅಂದ್ಲು. ವರ್ಷ ಆದ್ಮೇಲೆ ಅವಳ ಅಕ್ಕ ಫೋನಲ್ಲಿ ಹೇಳಿದ್ರು, ಓಪನ್ ಕಿಚನ್ ಅವಳಿಗೆ ಮೊದಲ ದಿನದಿಂದ್ಲೂ ಇಷ್ಟ ಇರ್ಲಿಲ್ವಂತೆ, ಒಗ್ಗರಣೆ ಘಾಟು ಮಗು ಮಲಗೋ ರೂಮಿನವರೆಗೂ ಹೋಗುತ್ತೆ ಅಂತ ದಿನಾ ಕೊರಗ್ತಿದ್ಲಂತೆ.

ನಮ್ಮ ಪಕ್ಕದ ಮನೆ ಡಚ್ ಗಂಡ ಹೆಂಡತಿ ರಜೆಗೆ ಎಲ್ಲಿ ಹೋಗೋದು ಅಂತ ನಮ್ಮೆದುರೇ "ಇಲ್ಲ, ನಾನು ಒಪ್ಪಲ್ಲ" ಅಂತ ವಾದ ಮಾಡಿ ಆಮೇಲೆ ಒಟ್ಟಿಗೆ ಕಾಫಿ ಕುಡೀತಾರೆ. ಹಾಗಂತ ನಮ್ಮಲ್ಲಿ ಭಿನ್ನಾಭಿಪ್ರಾಯ ಇರ್ಲಿಲ್ಲ ಅಂತಲ್ಲ. ನಮ್ಮಮ್ಮ ಯಾವತ್ತೂ ಅಪ್ಪಂಗೆ ಬೇಡ ಅಂದಿಲ್ಲ, "ನೋಡಣ, ಈಗ್ಲೇ ಏನ್ ಅವಸರ" ಅಂತಿದ್ರು ಅಷ್ಟೇ, ಸಂಜೆ ಅಜ್ಜಿನೋ ಅತ್ತೆನೋ ಅದನ್ನ ಅಪ್ಪನ ಕಿವಿಗೆ ಹಾಕೋರು, ಆ ವಿಷಯ ಅಲ್ಲಿಗೇ ನಿಲ್ತಿತ್ತು. ಇಲ್ಲಿ ನಾವಿಬ್ರೇ. ಆ ಮಾತು ದಾಟಿಸೋರು ಯಾರೂ ಇಲ್ಲ, ಹಾಗಾಗಿ "ನಿಮ್ಮಿಷ್ಟ" ಅನ್ನೋದನ್ನ ನಾನು ಒಪ್ಪಿಗೆ ಅಂತಾನೇ ತಿಳ್ಕೊಂಡೆ.

ಅಮೆರಿಕದಲ್ಲಿ ಹೃದಯರೋಗದ ಬಗ್ಗೆ ನಡೆಯೋ ಫ್ರೇಮಿಂಗ್‌ಹ್ಯಾಮ್ ಅಧ್ಯಯನದವರು 2007ರಲ್ಲಿ ಒಂದು ವಿಷಯ ಪ್ರಕಟಿಸಿದ್ರು. ಗಂಡನ ಜೊತೆ ಜಗಳ ಬಂದಾಗ ಮನಸ್ಸಲ್ಲಿರೋದನ್ನ ಒಳಗೇ ಇಟ್ಕೊಳೋ ಹೆಂಗಸ್ರು, ಹೇಳ್ಕೊಳೋರಿಗಿಂತ 10 ವರ್ಷದಲ್ಲಿ ಸಾಯೋ ಸಾಧ್ಯತೆ ಸುಮಾರು 4 ಪಟ್ಟು ಹೆಚ್ಚು ಕಂಡಿತ್ತು. ಮೌನವೇ ಕಾರಣ ಅಂತ ಅದ್ರಿಂದ ಹೇಳಕ್ಕಾಗಲ್ಲ, ಆದ್ರೂ ಓದಿ ನಂಗೆ ಭಯ ಆಯ್ತು.

ನಿಜವಾಗ್ಲೂ ಎಲ್ಲದಕ್ಕೂ ಹೊಂದ್ಕೊಳೋರೂ ಇದಾರೆ, ನನ್ನ ತಮ್ಮ ಹಾಗೇನೇ. ಅವ್ನು ಹೋಟೆಲ್ ಯಾವುದಾದ್ರೂ ಸರಿ ಅಂತಾನೆ, ಆದ್ರೆ ಬದನೆಕಾಯಿ ಮಾತ್ರ ಬೇಡ ಅಂತಾನೆ, ಮತ್ತೆ ಹೋಗಿ ಬಂದ್ಮೇಲೆ ಮುಖ ಬಾಡಿರಲ್ಲ. ನನ್ನ ಹೆಂಡತಿಗೆ ಹಾಗೆ ಬೇಡ ಅನ್ನೋದು ಒಂದೂ ಇರ್ಲಿಲ್ಲ. ಬೆಳಗ್ಗೆ ನಾನು ಕಾರ್ ತಗೊಳೋಣ ಅಂದ್ರೂ ಹೂಂ, ರಾತ್ರಿ ಬೇಡ ಬಿಡು ಅಂದ್ರೂ ಅದೇ ದನಿಯಲ್ಲಿ ಹೂಂ. ಒಪ್ಕೊಂಡ ಕೆಲಸ ಮಾತ್ರ ವಾರಗಟ್ಟಲೆ ಮುಂದಕ್ಕೆ ಹೋಗ್ತಿತ್ತು.

ಇದ್ರಲ್ಲಿ ತಪ್ಪು ನಂದೇ. ಮದುವೆ ಆದ ಹೊಸದ್ರಲ್ಲಿ ಅವಳು ಎರಡು ಸಲ ಬೇಡ ಅಂದಿದ್ಲು, ನಾನು ಎಕ್ಸೆಲ್ ಶೀಟ್ ತೆರೆದು ಅವಳು ಸುಸ್ತಾಗೋವರೆಗೂ ಲೆಕ್ಕ ತೋರಿಸಿದ್ದೆ.

ಈಗ ದೊಡ್ಡ ವಿಷಯ ಬಂದ್ರೆ ಮಾತಾಡೋಕೆ ಮುಂಚೆ ಇಬ್ರೂ ಚೀಟೀಲಿ ಬರೀತೀವಿ, ಬೇಕಾ ಬೇಡ್ವಾ, ಅದು ನಂಗೆ 10ಕ್ಕೆ ಎಷ್ಟು ಮುಖ್ಯ ಅಂತ. ಮೊದಲ ಮೂರ್ನಾಲ್ಕು ಸಲ ಅವಳು ಎಲ್ಲದಕ್ಕೂ 5 ಬರೆದ್ಲು, ನಾನು ಸುಮ್ನಿದ್ದೆ. ಅಡುಗೆಮನೆಗೆ ಬಾಗಿಲು ಹಾಕ್ಸೋ ವಿಷಯಕ್ಕೆ 9 ಬರೆದ್ಲು, ನಂದು 2 ಇತ್ತು. ಗಾಜಿನ ಬಾಗಿಲಿನವ್ರು ಬಂದು ಅಳತೆ ತಗೊಂಡು ಹೋಗಿದಾರೆ.