ನನ್ನ ಕೈಗೇ ಬಾರದ ಉತ್ತರ ಪತ್ರಿಕೆಯ ಪ್ರತಿಗೆ ಕೊನೆಯ ದಿನ ಮುಗಿದುಹೋಗಿದ್ದು ಹೇಗೆ?

ಕೊನೆಯ ದಿನ ಮುಗಿದಿದೆಯಂತೆ. ಅಷ್ಟೇ. ನನ್ನ ಉತ್ತರ ಪತ್ರಿಕೆಯಲ್ಲಿ ಓದದೇ ಬಿಟ್ಟ ಒಂದು ಉತ್ತರವನ್ನು ನೋಡಿ ಅಂತ ಬರೆದ ಅರ್ಜಿಯನ್ನು ಪರೀಕ್ಷಾ ಕಚೇರಿಯ ಕೌಂಟರ್‌ನಲ್ಲಿದ್ದವರು ತಿರುಗಿಸಿ ನನ್ನ ಕಡೆಗೇ ತಳ್ಳಿದರು. ಬೆಳಿಗ್ಗೆ ಆಗಿದ್ದು ಇದು, ಇನ್ನೂ ಕೈ ನಡುಗುತ್ತಿದೆ. ಯಾರಿಗಾದರೂ ಹೇಳದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

"ಬರೆದಿದ್ದರೆ ತಾನೆ ಮಾರ್ಕ್ಸ್ ಬರೋದು" ಅಂದರಲ್ಲ, ಬರೆದಿದ್ದೇನೆ ಸರ್. 23 ಮತ್ತು 24ನೇ ಪುಟದಲ್ಲಿ ಬರೆದಿದ್ದೇನೆ. 5(ಬಿ), 8 ಅಂಕದ ಪ್ರಶ್ನೆ. ಎರಡು ಪುಟ ತುಂಬಾ ಉತ್ತರ ಇದೆ, ಅದರ ಮೇಲೆ ಕೆಂಪು ಇಂಕಿನ ಒಂದು ಚುಕ್ಕೆಯೂ ಇಲ್ಲ. ಬೇರೆ ಎಲ್ಲ ಪುಟದಲ್ಲೂ ರೈಟ್ ಗುರುತು, ಅಡಿಗೆರೆ, ಅಂಚಿನಲ್ಲಿ ಅಂಕ, ಏನಾದರೊಂದು ಇದೆ. ಈ ಎರಡು ಪುಟ ಮಾತ್ರ ನಾನು ಪರೀಕ್ಷಾ ಕೊಠಡಿಯಲ್ಲಿ ಕೊಟ್ಟ ಹಾಗೇ ಇವೆ.

ಹೇಗಾಯಿತು ಅಂತಲೂ ಪ್ರತಿ ನೋಡಿದರೆ ಗೊತ್ತಾಗುತ್ತದೆ. 5(ಎ) ಬರೆದು, 6ನೇ ಪ್ರಶ್ನೆ ಬರೆದು, ಅದಕ್ಕೆ ಆಮೇಲೆ ಚಿತ್ರ ಸೇರಿಸೋಣ ಅಂತ 22ನೇ ಪುಟ ಖಾಲಿ ಬಿಟ್ಟು, 23ರಲ್ಲಿ 5(ಬಿ) ಶುರು ಮಾಡಿದೆ. ಪ್ರಶ್ನೆ ಸಂಖ್ಯೆ ಅಂಚಿನಲ್ಲಿ ಸ್ಪಷ್ಟವಾಗಿದೆ. ಯಾವ ಕ್ರಮದಲ್ಲಿ ಬೇಕಾದರೂ ಉತ್ತರಿಸಬಹುದು ಅಂತ ಉತ್ತರ ಪತ್ರಿಕೆಯ ಸೂಚನೆಯಲ್ಲೇ ಅಚ್ಚಾಗಿದೆ. ಮೌಲ್ಯಮಾಪಕರು ಖಾಲಿ ಪುಟ ನೋಡಿದರು, ಮೇಲಿಂದ ಕೆಳಗೆ ಓರೆಗೆರೆ ಎಳೆದರು, ಮುಗಿಯಿತು ಅಂದುಕೊಂಡು ಕಟ್ಟು ಪಕ್ಕಕ್ಕಿಟ್ಟರು. ಒಂದು ಹಾಳೆ ತಿರುವಿದ್ದರೆ ಸಾಕಿತ್ತು.

ಮೊದಲ ಪುಟದ ಅಂಕಪಟ್ಟಿಯಲ್ಲಿ 5(ಬಿ) ಮನೆಯಲ್ಲಿ ಅಡ್ಡಗೆರೆ ಇದೆ. ಸೊನ್ನೆ ಅಲ್ಲ, ಅಡ್ಡಗೆರೆ. ಸೊನ್ನೆ ಹಾಕಿದ್ದರೆ ಓದಿದರು, ತಪ್ಪು ಅನಿಸಿತು, ಅಂಕ ಕೊಡಲಿಲ್ಲ ಅಂತ ಅರ್ಥ. ಆಗ ನಾನು ಸುಮ್ನೆ ಕೂರುತ್ತಿದ್ದೆ. ಅಡ್ಡಗೆರೆ ಅಂದರೆ ವಿದ್ಯಾರ್ಥಿ ಉತ್ತರಿಸಿಯೇ ಇಲ್ಲ ಅಂತ. ನನಗೆ ಬಂದಿರುವುದು 24, ಪಾಸಾಗಲು 28 ಬೇಕು. ಓದದೇ ಬಿಟ್ಟ ಉತ್ತರಕ್ಕೆ 8 ಅಂಕ. ಅದರಲ್ಲಿ ಅರ್ಧ ಬಂದರೂ ನಾನು ಪಾಸು.

ಈಗ ದಿನಾಂಕದ ವಿಷಯ. ಅರ್ಜಿ ಕೊಡುವುದಕ್ಕೆ ಅವರ ಪ್ರಕಟಣೆಯಲ್ಲಿ ಇರುವುದು "ಛಾಯಾಪ್ರತಿ ಪಡೆದ 7 ದಿನಗಳೊಳಗೆ". ಪಡೆದ. ಪ್ರತಿ ನನಗೆ ಇಮೇಲ್‌ನಲ್ಲಿ ಬಂದಿದ್ದು 11ನೇ ತಾರೀಖು, ಸಮಯದ ಸಮೇತ ಅದರಲ್ಲೇ ಇದೆ. ಹಾಗಾದರೆ 18ರವರೆಗೆ ಸಮಯ ಇದೆ ಅಲ್ವಾ? ಇವತ್ತು 14. ಆದರೆ ಪ್ರತಿಯ ಜೊತೆ ಬಂದ ಪತ್ರದ ಮೇಲೆ 3ನೇ ತಾರೀಖು ಹಾಕಿದ್ದಾರೆ, ಲೆಕ್ಕ ಅಲ್ಲಿಂದ, ಹಾಗಾಗಿ 10ಕ್ಕೇ ಮುಗಿಯಿತು ಅನ್ನುತ್ತಾರೆ. 10ನೇ ತಾರೀಖು ಸಂಜೆ ಪೋರ್ಟಲ್‌ನಲ್ಲಿ ಪ್ರತಿಗಾಗಿ ಹಾಕಿದ್ದ ನನ್ನ ಅರ್ಜಿ ಎದುರು Under Process ಅಂತಿತ್ತು. ಸ್ಕ್ರೀನ್‌ಶಾಟ್ ಇದೆ. ಪತ್ರ ಟೈಪ್ ಮಾಡಿ ಕಡತದಲ್ಲಿ ಇಟ್ಟುಕೊಂಡ ದಿನವನ್ನು ನಾನು "ಪಡೆದ" ದಿನ ಅನ್ನುವುದು ಯಾವ ನ್ಯಾಯ?

ಇದನ್ನೇ ಬರೆದು ತೆಗೆದುಕೊಂಡು ಹೋಗಿದ್ದೆ. ಪ್ರಕಟಣೆಯ ಸಂಖ್ಯೆ, ನಿಯಮ, ಎರಡು ಪುಟದ ಪ್ರತಿ, ಸ್ಕ್ರೀನ್‌ಶಾಟ್, ಎಲ್ಲ ಸೇರಿಸಿ ಪಿನ್ ಹಾಕಿ. ಅವರು ಒಳಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನು ಜೋರಾಗಿ ಓದಲು ಶುರು ಮಾಡಿದರು. ನನ್ನ ಹೆಸರು, ವಿಷಯ, 24 ಅಂಕ, ಅನುತ್ತೀರ್ಣ. "ಅನುತ್ತೀರ್ಣ" ಅನ್ನುವಾಗ ಸ್ವಲ್ಪ ನಿಂತು ಮುಖ ನೋಡಿದರು. ಹಿಂದೆ ಸಾಲಿನಲ್ಲಿ ನಮ್ಮ ಕಾಲೇಜಿನವರೇ ಇದ್ದರು. "ನೋಡ್ರೀ, ಪಾಸಾಗೋಕೆ ಆಗಲ್ಲ, ನಿಯಮ ಮಾತ್ರ ನಮಗೆ ಹೇಳಿಕೊಡ್ತಾರೆ" ಅಂತ ಪಕ್ಕದ ಮೇಜಿನವರಿಗೆ ಹೇಳಿದರು. ಪಕ್ಕದವರು ನಕ್ಕರು. ಹಿಂದೆಯೂ ಯಾರೋ ನಕ್ಕ ಸದ್ದು ಕೇಳಿತು. ತಿರುಗಿ ನೋಡುವ ಧೈರ್ಯ ಆಗಲಿಲ್ಲ. "ಸರ್, 23ನೇ ಪುಟ ಒಂದು ಸಲ ನೋಡಿ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ಏನಮ್ಮಾ, ನಾವೇನು ಮೇಷ್ಟ್ರಾ, ಉತ್ತರ ನೋಡೋಕೆ?" ಅಂದರು. ಹಾಗಾದರೆ ಅರ್ಜಿ ತೆಗೆದುಕೊಂಡು ನನ್ನ ನಕಲಿನ ಮೇಲೆ ಸೀಲ್ ಹಾಕಿಕೊಡಿ, ತಿರಸ್ಕರಿಸಿದರೂ ಪರವಾಗಿಲ್ಲ, ಅಂದೆ. "ಕೊನೆ ದಿನ ಮುಗಿದಿರೋದಕ್ಕೆ ಸೀಲ್ ಯಾಕೆ?" ಅಂದು ತಳ್ಳಿದರು. ಒಂದು ಹಾಳೆ ಕೆಳಗೆ ಬಿತ್ತು. ಅಷ್ಟು ಜನರ ಮುಂದೆ ಬಗ್ಗಿ ಎತ್ತಿಕೊಂಡೆ.

ಆ ಸೀಲ್ ಯಾಕೆ ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಇನ್‌ವರ್ಡ್ ನಂಬರ್ ಬಿದ್ದರೆ ನಾನು 14ಕ್ಕೆ ಬಂದಿದ್ದೆ ಅಂತ ದಾಖಲೆ ಆಗುತ್ತದೆ. ಸೀಲ್ ಇಲ್ಲದಿದ್ದರೆ ನಾನು ಬರಲೇ ಇಲ್ಲ.

ಅವರ ಜೊತೆ ಜಗಳ ಆಡಿ ಏನು ಪ್ರಯೋಜನ, ಮತ್ತೆ ಪರೀಕ್ಷೆ ಕಟ್ಟಿ ಬರೆದುಬಿಡು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಅದೂ ಸರಿಯೇ ಇರಬಹುದು. ಪೂರಕ ಪರೀಕ್ಷೆಯ ಶುಲ್ಕಕ್ಕೂ ಕೊನೆಯ ದಿನ ಹತ್ತಿರದಲ್ಲೇ ಇದೆ, ಇದರ ಹಿಂದೆ ಬಿದ್ದು ಅದನ್ನೂ ಕಳೆದುಕೊಂಡರೆ ಒಂದು ವರ್ಷ ಹೋಗುತ್ತದೆ. ಕಟ್ಟುತ್ತೇನೆ. ಸುಸ್ತಾಗಿದೆ, ಬಿಟ್ಟುಬಿಡುತ್ತೇನೆ ಅಂತಲೂ ಮಧ್ಯಾಹ್ನ ಅನಿಸಿತ್ತು. ಆದರೆ ಬರೆದ ಉತ್ತರವನ್ನು ಮತ್ತೆ ಯಾಕೆ ಬರೆಯಬೇಕು? ಓದಲೇ ಇಲ್ಲವಲ್ಲ! ಇಲ್ಲ, ಬಿಡುವುದಿಲ್ಲ.

ಕಾನೂನು ಎಷ್ಟರ ಮಟ್ಟಿಗೆ ನನ್ನ ಕಡೆ ಇದೆ ಅಂತಲೂ ಗೊತ್ತಿದೆ. ತನ್ನ ಉತ್ತರ ಪತ್ರಿಕೆಯನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಮಾಹಿತಿ ಹಕ್ಕಿನಡಿ ಪರೀಕ್ಷಾರ್ಥಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿತು. ಆದರೆ ಆ ತೀರ್ಪಿನಲ್ಲೇ, ಪ್ರತಿ ಪಡೆಯುವ ಹಕ್ಕಿನಿಂದ ಮರುಮೌಲ್ಯಮಾಪನದ ಹಕ್ಕು ಬರುವುದಿಲ್ಲ ಅಂತಲೂ ಇದೆ. ಅದು ಆಯಾ ಸಂಸ್ಥೆಯ ನಿಯಮಕ್ಕೆ ಬಿಟ್ಟಿದ್ದು. ಉತ್ತರ ಪತ್ರಿಕೆಗಳನ್ನು ಕಾದಿಡುವ ಅವಧಿ ಮುಗಿದು ವಿಲೇವಾರಿ ಮಾಡಿಬಿಟ್ಟರೆ ನೋಡುವ ಹಕ್ಕೂ ಹೋಯಿತು. ಅದಕ್ಕೇ ಈ 7 ದಿನ ನನಗೆ ಅಷ್ಟು ಮುಖ್ಯ. ಮಾಹಿತಿ ಹಕ್ಕಿನಲ್ಲಿ ಉತ್ತರ ಕೊಡಲು ಅವರಿಗೆ 30 ದಿನ ಇದೆ, ನನಗೆ ಉಳಿದಿರುವುದು 18ರವರೆಗೆ.

ಇನ್ನೊಂದು ಕೋಪ ಇದೆ. ನನಗೆ ಬೇಕಾಗಿರುವುದು ನಿಜವಾಗಿ ಮರುಮೌಲ್ಯಮಾಪನವೂ ಅಲ್ಲ. ಕೊಟ್ಟ ಅಂಕ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಒಮ್ಮೆಯೂ ಮೌಲ್ಯಮಾಪನ ಆಗದ ಉತ್ತರವನ್ನು ಮೊದಲ ಸಲ ನೋಡಿ ಅಂತ ಕೇಳುತ್ತಿದ್ದೇನೆ. ಅವರದೇ ಪ್ರಕಟಣೆಯಲ್ಲಿ ಮರುಎಣಿಕೆ ಅಂದರೆ ಕೂಡಿದ ಲೆಕ್ಕ, ಮೊದಲ ಪುಟಕ್ಕೆ ಅಂಕ ಸರಿಯಾಗಿ ಬಂದಿದೆಯಾ, ಮತ್ತು "ಮೌಲ್ಯಮಾಪನವಾಗದೆ ಉಳಿದ ಉತ್ತರ", ಈ ಮೂರೂ ಸೇರಿವೆ. ಇಷ್ಟು ಸ್ಪಷ್ಟ ಇದ್ದರೂ ಕೌಂಟರ್‌ನಲ್ಲಿ ಮರುಎಣಿಕೆ, ಮರುಮೌಲ್ಯಮಾಪನ ಎರಡೂ ಒಂದೇ ಅಂತಾರೆ. ಯಾರಿಗೆ ಹೇಳೋದು?

ಅರ್ಜಿಯನ್ನು ಸಂಜೆ ಇಮೇಲ್‌ನಲ್ಲಿ ಕಳಿಸಿದೆ. ನಾಳೆ ಪರೀಕ್ಷಾ ನಿಯಂತ್ರಕರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ರಸೀದಿಯಲ್ಲಾದರೂ ತಾರೀಖು ಇರುತ್ತದೆ. ಆ ಕಚೇರಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. "ಪಡೆದ" ದಿನ ಅಂದರೆ 3 ಹೇಗೆ ಆಗುತ್ತದೆ? ತಿರಸ್ಕರಿಸುವುದಾದರೆ ಯಾವ ನಿಯಮದಡಿ ಅಂತ ಬರೆದು, ಸಹಿ ಹಾಕಿ ಕೊಡಿ. ಬಾಯಲ್ಲಿ ಹೇಳಬೇಡಿ.